ಹೊಲಿಗೆ ದರ ಏರಿಸುವುದಿದ್ದರೆ ಆಷಾಢದಲ್ಲೇ ಹೇಳಿ

ಬ್ಲೌಸ್ ಹೊಲಿಸುವವರಿಗೆಲ್ಲ ಈ ಗಳಿಗೆ ಪರಿಚಯವಿರುತ್ತದೆ. ಹಬ್ಬದ ಹಿಂದಿನ ಸಂಜೆ, ಟೈಲರ್ ಅಕ್ಕನ ಮನೆ ಬಾಗಿಲು, ಕೈಯಲ್ಲಿ ಇಸ್ತ್ರಿ ಮಾಡಿ ಮಡಚಿದ ಬ್ಲೌಸು. ಪರ್ಸಿನಿಂದ 450 ರೂಪಾಯಿ ಎಣಿಸಿ ಕೊಡುವಾಗ ಒಳಗಿನಿಂದ ಮಾತು ಬರುತ್ತದೆ: “ಈಗ 520 ಆಗೈತ್ರೀ.” ಸೀರೆಗೆ ನಾಲ್ಕು ಸಾವಿರ ಕೊಟ್ಟವರಿಗೆ 70 ರೂಪಾಯಿ ಭಾರವಲ್ಲ. ಆದರೂ ಚುರುಕ್ಕೆನ್ನುತ್ತದೆ. ಬಟ್ಟೆ ಕತ್ತರಿಸಿಯಾಗಿದೆ, ಬೆಳಿಗ್ಗೆ ಪೂಜೆಗೆ ಉಡಬೇಕು, ಬೇಡ ಎಂದು ಎದ್ದು ಬರುವ ಹಾಗಿಲ್ಲ. ಕೊಟ್ಟು ಬರುತ್ತಾರೆ. ಮುಂದಿನ ಸೀರೆ ಬೇರೆ ಬೀದಿಗೆ ಹೋಗುತ್ತದೆ.

ಮನೆಯಲ್ಲೇ ಹೊಲಿಯುವವರು ಗಿರಾಕಿ ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆ. ದರ ಏರಿದ್ದನ್ನು ಜನ ಸಹಿಸುತ್ತಾರೆ, ಅದು ಬಟ್ಟೆ ವಾಪಸು ತೆಗೆದುಕೊಳ್ಳುವಾಗ ಗೊತ್ತಾದರೆ ಸಹಿಸುವುದಿಲ್ಲ. ಹಾಗಾಗಿ ಬೆಲೆ ಏರಿಸುವ ಪ್ರಶ್ನೆಯಲ್ಲಿ ‘ಎಷ್ಟು’ ಎನ್ನುವುದಕ್ಕಿಂತ ‘ಯಾವಾಗಿನಿಂದ, ಯಾರ ಬಟ್ಟೆಗೆ’ ಎನ್ನುವುದೇ ಮುಖ್ಯ. ಬಟ್ಟೆ ಕೊಟ್ಟ ದಿನ ಯಾವ ದರವೋ ಅದೇ ದರ, ಹೊಲಿದು ಮುಗಿಯುವುದು ಎಂದಾದರೂ ಸರಿ. ಈ ಒಂದು ಕಟ್ಟಳೆ ಮುರಿಯದಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಲೆಕ್ಕಕ್ಕೆಂದು ದಾವಣಗೆರೆಯ ಕಡೆಯ ಒಬ್ಬ ಟೈಲರ್ ಅಕ್ಕನನ್ನು ಕಲ್ಪಿಸಿಕೊಳ್ಳೋಣ. ನಡುಮನೆಯಲ್ಲಿ ಒಂದು ಪವರ್ ಮಷಿನ್, ಮೂಲೆಯಲ್ಲಿ ಓವರ್‌ಲಾಕ್, ವಾಟ್ಸ್ಯಾಪ್‌ನಲ್ಲಿ ಇನ್ನೂರು ಚಿಲ್ಲರೆ ಗಿರಾಕಿಗಳು, ಇನ್‌ಸ್ಟಾಗ್ರಾಂನಲ್ಲಿ ಎರಡು ಸಾವಿರ ಫಾಲೋವರ್ಸ್. ತಿಂಗಳಿಗೆ ಸುಮಾರು 60 ಲೈನಿಂಗ್ ಬ್ಲೌಸ್ ಹೊಲಿಯುತ್ತಾರೆ, ಒಂದಕ್ಕೆ 450 ರೂಪಾಯಿ. ಲೈನಿಂಗ್ ಬಟ್ಟೆ, ಹುಕ್ಸ್, ದಾರ, ಕ್ಯಾನ್ವಾಸ್, ಹೆಮ್ಮಿಂಗ್ ಮಾಡಿಕೊಡುವ ಪಕ್ಕದ ಮನೆ ಹುಡುಗಿಯ ಕೂಲಿ, ಕರೆಂಟು, ಮಷಿನ್ ರಿಪೇರಿಗೆಂದು ಎತ್ತಿಡುವ ಕಾಸು ಎಲ್ಲ ಸೇರಿ 150 ಹೋಗುತ್ತದೆ ಎನ್ನಿ. ಉಳಿದದ್ದು 300. ಎರಡು ವರ್ಷದ ಕೆಳಗೆ ಇದೇ ಖರ್ಚು 115 ಇತ್ತು, ಕೈಗೆ 335 ಸಿಗುತ್ತಿತ್ತು. ಅಂದರೆ ದರ ಏರಿಸದೆ ಸುಮ್ಮನಿದ್ದ ಅಕ್ಕ ಪ್ರತಿ ಬ್ಲೌಸಿನಲ್ಲೂ ತನ್ನ ಕೂಲಿಯಿಂದಲೇ 35 ರೂಪಾಯಿ ತುಂಬಿಕೊಡುತ್ತಿದ್ದಾರೆ.

ಅವರೀಗ 520 ಮಾಡಬೇಕೆಂದಿದ್ದಾರೆ. ಏರಿಕೆ 70, ಅದರಲ್ಲಿ ಅರ್ಧ ಸಾಮಾನಿಗೆ, ಅರ್ಧ ಕೈಗೆ. ಇಲ್ಲಿ ಬಹಳಷ್ಟು ಜನ ಒಂದು ತಪ್ಪು ಮಾಡುತ್ತಾರೆ. ಎಲ್ಲವನ್ನೂ ಲೈನಿಂಗ್ ಬಟ್ಟೆಯ ಮೇಲೆ ಹಾಕಿಬಿಡುತ್ತಾರೆ. ಗಿರಾಕಿಯೂ ಅದೇ ಮ್ಯಾಚಿಂಗ್ ಸೆಂಟರ್‌ಗೆ ಫಾಲ್ಸ್ ತರಲು ಹೋಗುವವಳು, ಲೈನಿಂಗ್ ಮೀಟರಿಗೆ ಎಷ್ಟೆಂದು ಅವಳಿಗೆ ಬಾಯಿಪಾಠ. ಮೀಟರಿಗೆ ಹದಿನೈದಿಪ್ಪತ್ತು ಏರಿದ್ದಕ್ಕೆ ಬ್ಲೌಸಿಗೆ 70 ಹೇಗೆ ಏರಿತು ಎಂದು ಅವಳು ಬಾಯಿಬಿಟ್ಟು ಕೇಳದೆ ಇರಬಹುದು, ಮನಸ್ಸಿನಲ್ಲಿ ಕೇಳಿಯೇ ಕೇಳುತ್ತಾಳೆ. ‘ಸಾಮಾನಿನ ಬೆಲೆಯೂ ಏರಿದೆ, ನನ್ನ ಕೂಲಿಯನ್ನೂ ಸ್ವಲ್ಪ ಏರಿಸಿಕೊಂಡಿದ್ದೇನೆ’ ಎಂದು ನೇರವಾಗಿ ಹೇಳಿದರೆ ಮುಜುಗರ ಒಂದು ದಿನದ್ದು.

ಇನ್ನು ಕಾಲ. ಮನೆ ಟೈಲರ್‌ಗಳ ವರ್ಷಕ್ಕೆ ಆಷಾಢವೇ ತಗ್ಗು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮಷಿನ್ ಮೇಲೆ ಬಟ್ಟೆ ಮುಚ್ಚಿರುತ್ತದೆ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ, ಹಿಂದೆಯೇ ಗೌರಿ, ಆಮೇಲೆ ದಸರಾ. 2025ರ ಪಂಚಾಂಗವನ್ನೇ ನೋಡಿ. ಜೂನ್ 26ಕ್ಕೆ ಆಷಾಢ ಹುಟ್ಟಿತು, ಜುಲೈ 25ಕ್ಕೆ ಶ್ರಾವಣ, ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ. ಶ್ರಾವಣ ಹುಟ್ಟಿದ ಮೇಲೆ ಹಬ್ಬಕ್ಕೆ ಉಳಿದದ್ದು ಎರಡೇ ವಾರ. ಆ ಎರಡು ವಾರದಲ್ಲಿ ಬೆಲೆ ಏರಿಕೆ ಹೇಳಿದರೆ, ಅದು ಎಷ್ಟೇ ನ್ಯಾಯವಾಗಿದ್ದರೂ, ಹಬ್ಬದ ಗರಜು ನೋಡಿ ಏರಿಸಿದ ಹಾಗೆ ಕಾಣುತ್ತದೆ. ಆಷಾಢದ ಮೊದಲ ವಾರದಲ್ಲಿ ‘ಶ್ರಾವಣದಿಂದ ಹೊಸ ದರ’ ಎಂದರೆ ಗಿರಾಕಿಗೆ ಒಂದು ತಿಂಗಳ ಅವಕಾಶ, ಅಕ್ಕನಿಗೆ ಖಾಲಿ ತಿಂಗಳಲ್ಲಿ ಕೆಲಸ. ಹಬ್ಬದ ನೂಕುನುಗ್ಗಲೂ ಸ್ವಲ್ಪ ತಗ್ಗುತ್ತದೆ.

ಆದರೆ ಈ ಅವಕಾಶಕ್ಕೆ ಕಟ್ಟೆ ಕಟ್ಟಬೇಕು. ಹಳೆ ದರ ಎಂದ ಕೂಡಲೇ ಬೀರುವಿನಲ್ಲಿ ಮಲಗಿರುವ ಬ್ಲೌಸ್ ಪೀಸುಗಳೆಲ್ಲ ಎದ್ದು ಬರುತ್ತವೆ. ಮದುವೆಯಲ್ಲಿ ಯಾರೋ ಉಡಿ ತುಂಬಿದ್ದು, ಮಗಳ ಸೀರೆಯದ್ದು, ನಾದಿನಿಯದ್ದು, ಒಬ್ಬರೇ ಹನ್ನೆರಡು ತಂದು ಸುರಿಯುತ್ತಾರೆ. ದಿನಕ್ಕೆ ಮೂರು ಹೊಲಿಯುವ ಕೈ ಇಪ್ಪತ್ತೈದು ದಿನಕ್ಕೆ ಹೊಲಿಯುವುದು 75. ಆಲ್ಟ್ರೇಶನ್ನಿಗೆ, ಜ್ವರ ನೆಗಡಿಗೆ ಬಿಟ್ಟರೆ 60 ಒಪ್ಪಿಕೊಳ್ಳಬಹುದು. ಅದಕ್ಕೇ ಹಳೆ ದರಕ್ಕೆ ಮನೆಗೆ ಎರಡೇ ಬ್ಲೌಸ್, ಒಟ್ಟು 60 ತುಂಬುವವರೆಗೆ ಎಂದು ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಶ್ರಾವಣದಲ್ಲಿ 520 ಕೊಡುವವರ ಬಟ್ಟೆ ಕೆಳಗೆ, 450ರ ರಾಶಿ ಮೇಲೆ.

ಹೇಳುವುದು ಹೇಗೆ? ‘ಅನಿವಾರ್ಯ ಕಾರಣಗಳಿಂದ ದರ ಪರಿಷ್ಕರಿಸಲಾಗಿದ್ದು ಗ್ರಾಹಕರು ಸಹಕರಿಸಬೇಕಾಗಿ ವಿನಂತಿ’ ಎನ್ನುವ ಸ್ಟೇಟಸ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಓದಿದರೆ ಬಸ್ ಟಿಕೆಟ್ ಏರಿದ ಹಾಗೆ ಇರುತ್ತದೆ. ಎಷ್ಟು ಏರಿತು, ಎಂದಿನಿಂದ ಎನ್ನುವುದೇ ಇರುವುದಿಲ್ಲ. ಅದನ್ನು ಕೇಳಲು ನಲವತ್ತು ಜನ ಫೋನ್ ಮಾಡುತ್ತಾರೆ, ಪ್ರತಿ ಫೋನೂ ಒಂದು ಚೌಕಾಶಿ. ನಮ್ಮ ಅಕ್ಕ ಇಷ್ಟು ಬರೆದರೆ ಸಾಕು:

“ಜುಲೈ 25ರಿಂದ ಲೈನಿಂಗ್ ಬ್ಲೌಸ್ ಹೊಲಿಗೆ 520 ರೂಪಾಯಿ (ಈಗ 450). ಲೈನಿಂಗ್ ಬಟ್ಟೆ, ಹುಕ್ಸ್, ಹೆಮ್ಮಿಂಗ್ ಎಲ್ಲ ಇದರಲ್ಲೇ ಬಂತು. ಸಾದಾ ಬ್ಲೌಸ್, ಫಾಲ್ಸ್, ಜಿಗ್‌ಜಾಗ್ ದರ ಮೊದಲಿನಷ್ಟೇ. ಎರಡು ವರ್ಷದಿಂದ ದರ ಏರಿಸಿರಲಿಲ್ಲ. ಸಾಮಾನಿನ ಬೆಲೆ ಏರಿದೆ, ನನ್ನ ಕೂಲಿಯನ್ನೂ ಸ್ವಲ್ಪ ಸೇರಿಸಿದ್ದೇನೆ. ಈಗಾಗಲೇ ಬಟ್ಟೆ ಕೊಟ್ಟವರಿಗೆ ಹಳೆ ದರವೇ. ಜುಲೈ 24ರ ಒಳಗೆ ತಂದುಕೊಟ್ಟರೆ ಮನೆಗೆ ಎರಡು ಬ್ಲೌಸ್ 450ಕ್ಕೇ ಹೊಲಿದುಕೊಡುತ್ತೇನೆ, ಒಟ್ಟು 60 ಬ್ಲೌಸ್ ಆಗುವವರೆಗೆ.”

ಇದರಲ್ಲಿ ಕ್ಷಮೆ ಇಲ್ಲ, ಗೋಳೂ ಇಲ್ಲ. ಏರದೆ ಇರುವುದನ್ನೂ ಹೇಳಿರುವುದು ಗಮನಿಸಿ. ಫಾಲ್ಸ್ ಹಾಕಿಸಲು ಮಾತ್ರ ಬರುವವರು ‘ಎಲ್ಲ ಏರಿಸಿದ್ದಾಳಂತೆ’ ಎಂಬ ಮಾತು ಕೇಳಿಯೇ ದೂರವಾಗುತ್ತಾರೆ, ಅವರನ್ನು ಉಳಿಸುವುದು ಆ ಒಂದು ಸಾಲು.

ಸಂದೇಶ ಬರೆದರಾಯಿತೇ, ತಲುಪಬೇಕಲ್ಲ. ವಾಟ್ಸ್ಯಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ್ದು ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಸೇವ್ ಮಾಡದವರಿಗೆ ಹೋಗುವುದಿಲ್ಲ, ಹೋಗಿಲ್ಲವೆಂದು ನಿಮಗೆ ಯಾರೂ ಹೇಳುವುದೂ ಇಲ್ಲ. ಸ್ಟೇಟಸ್ 24 ಗಂಟೆಗೆ ಮಾಯ. ಆದ್ದರಿಂದ ಹತ್ತಾರು ವರ್ಷದ ಹಳೆ ಗಿರಾಕಿಗಳು ಇಪ್ಪತ್ತು ಮೂವತ್ತು ಜನ ಇರುತ್ತಾರಲ್ಲ, ಅವರಿಗೆ ಹೆಸರು ಹಿಡಿದು ಬೇರೆಬೇರೆಯಾಗಿ ಕಳಿಸಬೇಕು, ಅದೂ ಸ್ಟೇಟಸ್ ಹಾಕುವ ಒಂದೆರಡು ದಿನ ಮೊದಲು. ಬೇರೆಯವರ ಬಾಯಿಂದ ಕೇಳಿದರೆ ಅವರಿಗೇ ಹೆಚ್ಚು ನೋವು. ಸ್ಟೇಟಸ್ ಯಾರು ನೋಡಿದರೆಂಬ ಪಟ್ಟಿ ಬರುತ್ತದೆ, ಅದರಲ್ಲಿ ಕಾಣದವರಿಗೆ ಬಟ್ಟೆ ಕೊಡಲು ಬಂದಾಗ ಬಾಯಲ್ಲಿ ಹೇಳಿ, ಚೀಟಿಯಲ್ಲಿ ದರ ಬರೆದುಕೊಡಬೇಕು.

ಇನ್‌ಸ್ಟಾಗ್ರಾಂನ ಕಥೆ ಬೇರೆ. ಎರಡು ಸಾವಿರ ಫಾಲೋವರ್ಸ್‌ನಲ್ಲಿ ಬಟ್ಟೆ ಕೊಟ್ಟವರು ಬೆರಳೆಣಿಕೆ, ಡಿಸೈನ್ ನೋಡಲು ಬಂದ ಬೇರೆ ಟೈಲರ್‌ಗಳೇ ಜಾಸ್ತಿ ಇದ್ದಾರು. ಅಲ್ಲಿನ ಅಪಾಯ ಹಳೆ ರೀಲ್ಸ್. ಕಳೆದ ವರ್ಷದ ಬೋಟ್ ನೆಕ್ ಬ್ಲೌಸಿನ ರೀಲ್ ಕೆಳಗೆ ‘ಹೊಲಿಗೆ 450 ಮಾತ್ರ’ ಎಂದು ಬರೆದದ್ದು ಹಾಗೇ ಇರುತ್ತದೆ. ಆಗಸ್ಟಿನಲ್ಲಿ ಯಾರೋ ಅದರ ಸ್ಕ್ರೀನ್‌ಶಾಟ್ ಹಿಡಿದು ಬರುತ್ತಾರೆ. ನನ್ನನ್ನು ಕೇಳಿದರೆ, ಅವರಿಗೆ 450ಕ್ಕೇ ಹೊಲಿದುಕೊಡಬೇಕು, ತಪ್ಪು ಅವರದಲ್ಲ. ಆ ರಾತ್ರಿಯೇ ಕೂತು ಎಲ್ಲ ಕ್ಯಾಪ್ಷನ್ ತಿದ್ದಬೇಕು. ವಿಡಿಯೋದೊಳಗೇ ದರ ಬರೆದಿದ್ದರೆ ತಿದ್ದಲಾಗದು, ಆ ರೀಲನ್ನು ಆರ್ಕೈವ್‌ಗೆ ಹಾಕುವುದೇ ದಾರಿ.

ಇಷ್ಟಾದರೂ ಬಾಗಿಲಲ್ಲಿ ನಿಂತು ಒಬ್ಬರು ಕೇಳುತ್ತಾರೆ: “ಏನಕ್ಕಾ, ನಮಗೂ ಹಂಗೇನಾ?” ಇಲ್ಲಿ ಮೆತ್ತಗಾಗಿ “ನಿಮಗೆ 480 ಕೊಡಿ, ಯಾರಿಗೂ ಹೇಳಬ್ಯಾಡ್ರಿ” ಎಂದರೆ ಕೆಟ್ಟಿತು. ಓರಗಿತ್ತಿಯರು ಸಂಜೆ ಕಟ್ಟೆ ಮೇಲೆ ಕೂತು ಬ್ಲೌಸಿನ ಮಾತು ಆಡದೆ ಇರುತ್ತಾರೆಯೇ? 520 ಕೊಟ್ಟವಳಿಗೆ ಆಗುವ ಅವಮಾನ ಮರೆಯುವಂಥದ್ದಲ್ಲ. “ಎಲ್ಲರಿಗೂ ಒಂದೇ ರೀ. ನಿಮ್ಮ ಎರಡು ಪೀಸು ಈ ತಿಂಗಳೇ ತಂದುಕೊಡ್ರಿ, ಹಳೇ ರೇಟಿಗೇ ಹೊಲೀತೀನಿ.” ಸಡಿಲ ಕೊಡುವುದಿದ್ದರೆ ದಿನದಲ್ಲಿ ಕೊಡಿ, ದರದಲ್ಲಿ ಬೇಡ.

ಒಂದಿಷ್ಟು ಜನ ಹೋಗುತ್ತಾರೆ, ಅದಕ್ಕೂ ಲೆಕ್ಕ ಇದೆ. ಮೊದಲು 60 ಬ್ಲೌಸಿಗೆ ಕೈಗೆ ಉಳಿಯುತ್ತಿದ್ದದ್ದು 18,000. ಈಗ ಒಂದಕ್ಕೆ 370 ಉಳಿಯುವುದರಿಂದ 49 ಬ್ಲೌಸಿಗೇ ಆ ದುಡ್ಡು ಬರುತ್ತದೆ. 11 ಬ್ಲೌಸ್ ಕಡಿಮೆಯಾದರೂ ಮನೆಗೆ ನಷ್ಟವಿಲ್ಲ, ಬೆನ್ನಿಗೆ ಲಾಭ. ಆದರೆ ಶ್ರಾವಣದ ಮೊದಲ ವಾರಗಳನ್ನು ನೋಡಿ ಗಾಬರಿಯಾಗಬಾರದು, ಹಳೆ ದರಕ್ಕೆ ಕೊಟ್ಟವರು ಆಗ ಹೇಗೂ ಬರುವುದಿಲ್ಲ. ದಸರಾ ಮುಗಿದ ಮೇಲೆ ಹಿಂದಿನ ವರ್ಷದ ಅಳತೆ ಪುಸ್ತಕ ತೆಗೆದು, ಹೋದ ಸಲ ಬಂದು ಈ ಸಲ ಬಾರದವರ ಹೆಸರಿಗೆ ಗುರುತು ಹಾಕಿದರೆ ನಿಜ ಗೊತ್ತಾಗುತ್ತದೆ. ಲೈನಿಂಗ್ ಬಿಟ್ಟು ಸಾದಾ ಬ್ಲೌಸಿಗೆ ಇಳಿದವರು ನಿಮ್ಮನ್ನು ಬಿಟ್ಟಿಲ್ಲ, ಖರ್ಚು ಹಿಡಿದಿದ್ದಾರೆ ಅಷ್ಟೆ.

ದರ ಏರಿದ ಮೇಲಿನ ಎರಡು ತಿಂಗಳು ಜನ ಬ್ಲೌಸನ್ನು ಕನ್ನಡಕ ಹಾಕಿಕೊಂಡು ನೋಡುತ್ತಾರೆ. 450ಕ್ಕೆ ಸುಮ್ಮನಿದ್ದವರು ‘520 ಕೊಟ್ಟರೂ ತೋಳು ಬಿಗಿ’ ಎನ್ನುತ್ತಾರೆ. ಆ ಎರಡು ತಿಂಗಳು ಹೇಳಿದ ದಿನಕ್ಕೆ ಕೊಡುವುದು, ಬಿಗಿಯಾದರೆ ಮಾತಿಲ್ಲದೆ ಬಿಚ್ಚಿ ಸರಿಮಾಡುವುದು, ಇವೆರಡಕ್ಕೆ ಚ್ಯುತಿ ಬಂದರೆ ಒಳ್ಳೆಯ ಸಂದೇಶವೂ ಕೆಲಸಕ್ಕೆ ಬಾರದು.

ಬಟ್ಟೆ ಕೊಡುವವರಿಗೂ ಒಂದು ಮಾತು. ಪೀಸು ಕೈಗಿಡುವಾಗಲೇ ದರ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ನಿಮ್ಮ ಟೈಲರ್ ಅಕ್ಕನ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಇಲ್ಲದಿದ್ದರೆ ಅವರು ಬ್ರಾಡ್‌ಕಾಸ್ಟ್‌ನಲ್ಲಿ ಕಳಿಸಿದ್ದು ನಿಮಗೆ ಬರುವುದೇ ಇಲ್ಲ.