ಒಂದರಿಂದ ಹತ್ತಕ್ಕೆ ಮೂರು ಮಾತ್ರೆಯ ನಡಿಗೆ

ಕನ್ನಡದಲ್ಲಿ ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸಿದರೆ, ಪಕ್ಕದಲ್ಲಿ ಯಾರೂ ತಾಳ ಹಾಕದಿದ್ದರೂ ತಾಳ ಕೇಳಿಸುತ್ತದೆ. ಕಾರಣ ಆ ಪದಗಳ ಅಳತೆಯಲ್ಲೇ ಇದೆ. ಒಂದು ಹ್ರಸ್ವಾಕ್ಷರವನ್ನು ಹೇಳಲು ಹಿಡಿಯುವ ಹೊತ್ತನ್ನು ಛಂದಸ್ಸಿನಲ್ಲಿ ಒಂದು ಮಾತ್ರೆ ಎನ್ನುತ್ತಾರೆ. ಅಷ್ಟು ಹೊತ್ತಿನ ಅಕ್ಷರ ಲಘು. ದೀರ್ಘಾಕ್ಷರ, ಅನುಸ್ವಾರವಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು. ಇವಕ್ಕೆ ಎರಡೆರಡು ಮಾತ್ರೆ. ‘ಒಂದು’ ಎಂಬಲ್ಲಿ ‘ಒಂ’ ಗುರು, ‘ದು’ ಲಘು. ಒಟ್ಟು ಮೂರು ಮಾತ್ರೆ. ‘ಎರಡು’ ಮೂರು ಲಘುಗಳ ಪದ, ಅದೂ ಮೂರೇ. ಮೂರು, ನಾಲ್ಕು, ಐದು, ಆರು, ಏಳು, ಎಂಟು, ಹತ್ತು ಎಲ್ಲಕ್ಕೂ ಒಂದು ಗುರು, ಒಂದು ಲಘು. ಹಾಗಾಗಿ ಎಲ್ಲವೂ ಮೂರು ಮಾತ್ರೆಯವೇ. ‘ಒಂಬತ್ತು’ ಮಾತ್ರ ಐದು ಮಾತ್ರೆಯದು. ಪುಟ್ಟ ಮಗುವಿಗೆಂದು ಕನ್ನಡದಲ್ಲಿ ಎಣಿಕೆಯ ಪ್ರಾಸ ಕಟ್ಟುವವರ ಅನುಕೂಲವೂ ತೊಡಕೂ ಈ ಲೆಕ್ಕದಲ್ಲೇ ಇವೆ.

ಈ ಅಳತೆಯನ್ನು ನಂಬಿ ಕಟ್ಟಿದ ಹತ್ತು ಸಾಲುಗಳ ಒಂದು ಹೊಸ ಪ್ರಾಸ ಇಲ್ಲಿದೆ. ಮಾವಿನ ಮರದ ಕೆಳಗೆ ಅಜ್ಜಿ ಮತ್ತು ಮಗು ಹಣ್ಣು ಕೂಡಿಸುವುದು ಇದರ ಸನ್ನಿವೇಶ.

ಅಳಿಲು ಬಂದು – ಹಣ್ಣು ಒಂದು
ಬಟ್ಟೆ ಹರಡು – ಹಣ್ಣು ಎರಡು
ಗಾಳಿ ಜೋರು – ಹಣ್ಣು ಮೂರು
ನನಗೆ ಬೇಕು – ಹಣ್ಣು ನಾಕು
ಅಜ್ಜಿ ಕೊಯ್ದು – ಹಣ್ಣು ಐದು

ಮೇಲೆ ಯಾರು? – ಹಣ್ಣು ಆರು
ಗಿಳಿಗೆ ಹೇಳು – ಹಣ್ಣು ಏಳು
ಸೆರಗ ಗಂಟು – ಹಣ್ಣು ಎಂಟು
ಸಂಜೆ ಹೊತ್ತು – ಒಂಬತ್ತು
ಸಿಹಿಯ ತುತ್ತು – ಹಣ್ಣು ಹತ್ತು

ಒಂಬತ್ತನೆಯದನ್ನು ಬಿಟ್ಟರೆ ಪ್ರತಿ ಸಾಲಿನಲ್ಲೂ ನಾಲ್ಕು ಪದ, ಪ್ರತಿ ಪದಕ್ಕೂ ಮೂರು ಮಾತ್ರೆ. ಸಂಗೀತ ಕಲಿಯುವವರು ‘ತಕಿಟ ತಕಿಟ’ ಎಂದು ಹೇಳಿಕೊಳ್ಳುವ ನಡೆ ಇದು. ಹಳೆಯ ಕನ್ನಡ ಕಾವ್ಯದ ಉತ್ಸಾಹ ರಗಳೆಯಲ್ಲಿ ಸಾಗುವುದೂ ಇದೇ ಮೂರು ಮಾತ್ರೆಯ ಗಣ. ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು ತೂಗುತ್ತಾ ಹೇಳಿದರೆ ಪದಕ್ಕೊಂದು ತೂಗು ತಾನಾಗಿ ಬೀಳುತ್ತದೆ.

ಕನ್ನಡ ಕಾವ್ಯದ ಹಳೆಯ ಕಟ್ಟುಪಾಡು ಆದಿಪ್ರಾಸ. ಸಾಲು ಸಾಲಿನ ಎರಡನೆಯ ಅಕ್ಷರ ಹೊಂದಬೇಕು. ಎರಡು ವರ್ಷದ ಕಿವಿಗೆ ಅದು ಸಿಗುವುದಿಲ್ಲ. ಮಗು ಹಿಡಿಯುವುದು ಸಾಲಿನ ಕೊನೆಯನ್ನು. ಅದಕ್ಕೇ ಮೇಲಿನ ಪ್ರತಿ ಸಾಲೂ ಎಣಿಕೆಯ ಪದದಿಂದಲೇ ಮುಗಿಯುತ್ತದೆ, ಅರ್ಧ ಸಾಲಿನಷ್ಟು ಮೊದಲೇ ಅದರ ಜೊತೆಗಾರ ಪದ ಬಂದಿರುತ್ತದೆ. ದೊಡ್ಡವರು ‘ಗಾಳಿ ಜೋರು, ಹಣ್ಣು…’ ಎಂದು ನಿಲ್ಲಿಸಿದರೆ ‘ಜೋರು’ ಎಂಬ ಸದ್ದೇ ‘ಮೂರು’ ಎಂಬುದನ್ನು ಎಳೆದು ತರುತ್ತದೆ. ಎಣಿಕೆಯ ಪದವನ್ನು ಸಾಲಿನ ಮೊದಲಿಗಿಟ್ಟರೆ ಈ ಎಳೆತ ಇರುವುದಿಲ್ಲ. ಮಗು ತುಂಬುವುದು ಎಣಿಕೆಯನ್ನಲ್ಲ, ಬೇರೆ ಪದವನ್ನು.

ಜೊತೆಗಾರ ಪದಗಳ ಆಯ್ಕೆಯಲ್ಲಿ ಎಲ್ಲ ಸಂಖ್ಯೆಗಳೂ ಒಂದೇ ಸಮ ಉದಾರವಾಗಿಲ್ಲ. ಮೂರಕ್ಕೆ ಊರು, ನೂರು, ಚೂರು, ಜೋರು. ಎಂಟಕ್ಕೆ ಗಂಟು, ನಂಟು, ಅಂಟು, ದಂಟು. ಎರಡಕ್ಕೆ ಮಾತ್ರ ಬಡತನ: ಬರಡು, ಕೊರಡು, ಕರಡು ಎಲ್ಲ ದೊಡ್ಡವರ ಪದಗಳು. ಮಗುವಿನ ಲೋಕಕ್ಕೆ ಸೇರುವುದು ‘ಹರಡು’ ಒಂದೇ. ನಾಲ್ಕರ ಕಷ್ಟ ಬೇರೆ ಬಗೆಯದು. ಬರಹದ ‘ನಾಲ್ಕು’ ಎಂಬುದಕ್ಕೆ ಸರಿಯಾಗಿ ಹೊಂದುವ ಸುಲಭ ಪದವೇ ಇಲ್ಲ, ‘ಲ್ಕ’ ಎಂಬ ಒತ್ತು ಎಳೆಯ ನಾಲಿಗೆಗೆ ಭಾರ. ಆದರೆ ಮನೆಮಾತಿನ ‘ನಾಕು’ ಬಂದ ಕೂಡಲೇ ಸಾಕು, ಬೇಕು, ಹಾಕು ಎಲ್ಲವೂ ಕೈಗೆ ಸಿಗುತ್ತವೆ, ಮಾತ್ರೆಯೂ ಮೂರಕ್ಕೇ ನಿಲ್ಲುತ್ತದೆ. ‘ಬೇಕು’ ಕನ್ನಡದ ಮನೆಗಳಲ್ಲಿ ಮಗು ಬಹಳ ಬೇಗ ಕಲಿಯುವ ಮಾತು. ನಾಲ್ಕನೆಯ ಸಾಲನ್ನು ಮಗು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಿದರೆ ಆಶ್ಚರ್ಯವಿಲ್ಲ.

‘ರ’ಕಾರ ತಡವಾಗಿ ತಿರುಗುವ ಸದ್ದು. ಎರಡು ‘ಎಲಡು’ ಆಗುತ್ತದೆ, ಮೂರು ‘ಮೂಲು’ ಆಗುತ್ತದೆ. ಜೊತೆಗಾರ ಪದದಲ್ಲೂ ಅದೇ ಸದ್ದಿದ್ದರೆ ‘ಹಲಡು–ಎಲಡು’, ‘ಜೋಲು–ಮೂಲು’ ಎಂದು ತಪ್ಪಿನಲ್ಲೂ ಪ್ರಾಸ ಉಳಿಯುತ್ತದೆ. ತಿದ್ದುವ ಅವಸರ ಬೇಕಿಲ್ಲ. ಧಾರವಾಡದ ಕಡೆಯ ಮಾತಿನಲ್ಲಿ ಕೊನೆಯ ‘ಉ’ಕಾರ ‘ಅ’ಕಾರದತ್ತ ವಾಲಿ ‘ಮೂರ, ನಾಕ’ ಎಂದಾಗುವಾಗಲೂ ಹಾಗೆಯೇ. ಜೊತೆಯ ಪದವೂ ಒಟ್ಟಿಗೇ ವಾಲುವುದರಿಂದ ಪ್ರಾಸ ಕೆಡುವುದಿಲ್ಲ.

ಕೆಡುವುದು ಸಂಧಿಯಲ್ಲಿ. ಹತ್ತು ಎಣಿಕೆಯ ಪದಗಳಲ್ಲಿ ಏಳು ಸ್ವರದಿಂದ ಶುರುವಾಗುತ್ತವೆ: ಒಂದು, ಎರಡು, ಐದು, ಆರು, ಏಳು, ಎಂಟು, ಒಂಬತ್ತು. ವೇಗವಾಗಿ ಹೇಳಿದರೆ ‘ಹಣ್ಣು ಎರಡು’ ಎಂಬುದು ‘ಹಣ್ಣೆರಡು’, ‘ಹಣ್ಣು ಆರು’ ಎಂಬುದು ‘ಹಣ್ಣಾರು’ ಆಗುತ್ತದೆ. ದೊಡ್ಡವರಿಗೆ ಇದು ಲೋಪಸಂಧಿ. ಮಗುವಿಗೆ ‘ಣ್ಣಾರು’ ಎಂಬ ಹೊಸ ಸಂಖ್ಯೆ. ಅಳತೆಯೂ ಒಂದು ಮಾತ್ರೆ ಕುಸಿಯುತ್ತದೆ. ಆದ್ದರಿಂದ ‘ಹಣ್ಣು’ ಎಂದ ಮೇಲೆ ಒಂದು ಕೂದಲೆಳೆಯಷ್ಟು ತಡೆದು, ಆಮೇಲೆ ಸಂಖ್ಯೆಯನ್ನು ಬಿಡಿಯಾಗಿ ಹೇಳಬೇಕು. ಮಗು ಬೇರೆ ಕಡೆ ಎಣಿಸುವಾಗ ‘ಣ್ಣಾರು’, ‘ಣ್ಣೇಳು’ ಎಂಬ ಸದ್ದುಗಳು ಕೇಳಿಬಂದರೆ, ಹೇಳಿಕೊಟ್ಟವರು ಅವಸರ ಮಾಡಿದ್ದಾರೆಂದೇ ಅರ್ಥ.

ಒಂಬತ್ತಕ್ಕೆ ‘ಹಣ್ಣು’ ಸೇರಿಸಿದರೆ ಸಾಲಿನ ಅರ್ಧ ಎಂಟು ಮಾತ್ರೆಯಾಗುತ್ತದೆ. ಸಂಧಿ ಮಾಡಿ ‘ಹಣ್ಣೊಂಬತ್ತು’ ಎಂದರೂ ಏಳು. ಬೇಕಿರುವುದು ಆರು. ‘ಹಣ್ಣು’ ಎಂಬುದನ್ನೇ ಬಿಟ್ಟರೆ ಐದು ಮಾತ್ರೆಯ ‘ಒಂಬತ್ತು’ ಉಳಿಯುತ್ತದೆ, ಆರನೆಯ ಮಾತ್ರೆಗೆ ಉಸಿರು ನಿಲ್ಲುತ್ತದೆ. ಇದರಿಂದ ಮತ್ತೊಂದು ಲಾಭವೂ ಇದೆ. ಒಂಬತ್ತು, ಹತ್ತು ಎರಡಕ್ಕೂ ಒಂದೇ ‘ತ್ತು’ ಪ್ರಾಸ. ‘ಹೊತ್ತು’ ಎಂದು ಕೇಳಿದ ಮಗು ನೇರ ‘ಹತ್ತು’ ಎಂದು ಜಿಗಿದು ಒಂಬತ್ತನ್ನು ನುಂಗಿಬಿಡುವುದು ಸುಲಭ. ಒಂಬತ್ತರ ಸಾಲಿನಲ್ಲಿ ‘ಹಣ್ಣು’ ಇಲ್ಲದಿರುವುದೇ ಮಗುವಿಗೆ ಗುರುತಾಗುತ್ತದೆ.

‘ಹಣ್ಣು ಮೂರು’ ಎಂಬ ಪದಗಳ ಕ್ರಮವೂ ಲೆಕ್ಕ ಹಾಕಿ ಇಟ್ಟದ್ದು. ಸಾಮಾನ್ಯ ಮಾತಿನಲ್ಲಿ ‘ಮೂರು ಹಣ್ಣು’ ಎನ್ನುತ್ತೇವೆ. ಸಂಖ್ಯೆ ಹಿಂದೆ ಬರುವುದು ಅಂಗಡಿಯ ಚೀಟಿಯಲ್ಲಿ: ತೆಂಗಿನಕಾಯಿ ಎರಡು, ನಿಂಬೆಹಣ್ಣು ಐದು. ಅಲ್ಲಿ ಸಂಖ್ಯೆ ಹೇಳುವುದು ಒಟ್ಟು ಮೊತ್ತವನ್ನು. ಇದು ಎಣಿಕೆ ಕಲಿಯುವ ಮಗುವಿಗೆ ತೀರಾ ಕಷ್ಟದ ಮೆಟ್ಟಿಲು. ರೋಚೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ ಎಂಬ ಮನಶ್ಶಾಸ್ತ್ರಜ್ಞರು 1978ರ ತಮ್ಮ ಪುಸ್ತಕದಲ್ಲಿ ಎಣಿಕೆಯ ತತ್ವಗಳನ್ನು ಬಿಡಿಸಿಟ್ಟರು. ಪದಗಳು ಯಾವಾಗಲೂ ಒಂದೇ ಕ್ರಮದಲ್ಲಿ ಬರಬೇಕು. ಒಂದು ವಸ್ತುವಿಗೆ ಒಂದೇ ಪದ ಸಲ್ಲಬೇಕು. ಕೊನೆಗೆ ಹೇಳಿದ ಪದವೇ ಗುಂಪಿನ ಮೊತ್ತ. ಪ್ರಾಸವು ತಾನಾಗಿ ಕಲಿಸುವುದು ಮೊದಲನೆಯದನ್ನು ಮಾತ್ರ. ಉಳಿದ ಎರಡು ಕೈಯಿಂದಲೇ ಬರಬೇಕು.

ಅದಕ್ಕೆ ಐದು ನಿಂಬೆಹಣ್ಣು, ಒಂದು ಟವೆಲು ಸಾಕು. ಮೂರು ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ; ಹುಣಸೆ ಬೀಜ, ಕಡಲೆ, ಗೋಲಿ ಬೇಡವೇ ಬೇಡ. ‘ಅಳಿಲು ಬಂದು, ಹಣ್ಣು’ ಎನ್ನುವವರೆಗೆ ಹಣ್ಣು ಕೈಯಲ್ಲೇ ಇರಲಿ. ‘ಒಂದು’ ಎಂಬ ಪದದ ಜೊತೆಗೇ ಅದು ಟವೆಲಿನ ಮೇಲೆ ಕೂರಬೇಕು. ಸಾಲಾಗಿಟ್ಟ ಹಣ್ಣುಗಳನ್ನು ಬೆರಳಿನಿಂದ ಮುಟ್ಟಿಸುತ್ತಾ ಹೇಳಿಸಿದರೆ ಬೇರೆ ತಪ್ಪು ನುಸುಳುತ್ತದೆ: ‘ಎ-ರ-ಡು’ ಎಂದು ಅಕ್ಷರಕ್ಕೊಂದರಂತೆ ಮೂರು ಹಣ್ಣುಗಳನ್ನು ಬೆರಳು ದಾಟಿಬಿಡುತ್ತದೆ. ಪ್ರತಿ ಸಾಲಿಗೆ ಒಂದೇ ಹಣ್ಣು ಕೆಳಗಿಳಿದರೆ ಈ ತಪ್ಪಿಗೆ ಜಾಗವಿಲ್ಲ. ಹಣ್ಣಿಟ್ಟ ಮೇಲೆ ಅಂಗೈಯನ್ನು ಇಡೀ ಗುಂಪಿನ ಮೇಲೆ ಆಡಿಸಿ ‘ಹಣ್ಣು ಮೂರು’ ಎಂದು ಮತ್ತೊಮ್ಮೆ ಹೇಳಬೇಕು. ಆಗ ಮೂರು ಎಂಬುದು ಮೂರನೆಯ ನಿಂಬೆಯ ಹೆಸರಾಗಿ ಉಳಿಯದೆ ಮೂರೂ ಸೇರಿದ ಗುಂಪಿಗೆ ಅಂಟುತ್ತದೆ. ಮೊದಲ ಐದು ಸಾಲು ಒಂದು ಕೈಯ ಬೆರಳಷ್ಟು. ಅವು ಗಟ್ಟಿಯಾಗುವವರೆಗೆ ಅಜ್ಜಿ ಕೊಯ್ದ ಹಣ್ಣಿಗೇ ನಿಲ್ಲಿಸಬಹುದು.

ಮಗುವಿಗೆ ಎಣಿಕೆ ಬಂದಿದೆಯೋ ಬರೀ ಹಾಡು ಬಂದಿದೆಯೋ ಎಂದು ತಿಳಿಯಲು ‘ಎಣಿಸು’ ಎನ್ನುವುದಕ್ಕಿಂತ ‘ಕೊಡು’ ಎನ್ನುವುದು ಮೇಲು. ಕ್ಯಾರೆನ್ ವಿನ್ ಎಂಬ ಸಂಶೋಧಕಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಂದ ಇಷ್ಟು ಆಟಿಕೆ ಎಂದು ಕೇಳಿ ಪಡೆಯುವ ವಿಧಾನವನ್ನು ಬಳಸಿದ್ದರು. ಹತ್ತರವರೆಗೆ ಸರಾಗವಾಗಿ ಹೇಳುವ ಎರಡೂವರೆ ವರ್ಷದ ಮಗು, ‘ಪುಟ್ಟಾ, ಅಜ್ಜಿಗೆ ಮೂರು ನಿಂಬೆಹಣ್ಣು ಕೊಡು’ ಎಂದರೆ ಎರಡೂ ಕೈ ತುಂಬ ಬಾಚಿ ಕೊಡುವುದುಂಟು. ‘ಒಂದು ಕೊಡು’ ಎಂದರೆ ಸರಿಯಾಗಿ ಒಂದನ್ನೇ ಕೊಡುತ್ತದೆ. ಅಂದರೆ ಅದಕ್ಕೆ ಅರ್ಥವಾಗಿರುವುದು ‘ಒಂದು’ ಮಾತ್ರ, ಉಳಿದವೆಲ್ಲ ‘ಬಹಳ’. ಎರಡು ಅರ್ಥವಾಗಲು ಕೆಲವು ತಿಂಗಳು, ಮೂರಕ್ಕೆ ಮತ್ತೆ ಕೆಲವು ತಿಂಗಳು ಬೇಕು. ಮೂರೂವರೆ, ನಾಲ್ಕರ ಸುಮಾರಿಗೆ ಕೊನೆಯ ಪದವೇ ಮೊತ್ತ ಎಂಬುದು ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಈ ನಡುವಿನ ಕಾಲದಲ್ಲಿ ಬಾಚಿ ಕೊಡುವ ಮಗು ತಪ್ಪು ಮಾಡುತ್ತಿಲ್ಲ, ತನ್ನ ಮೆಟ್ಟಿಲಿನ ಮೇಲೆ ನಿಂತಿದೆ.

ಹಣ್ಣಿನ ಜಾಗದಲ್ಲಿ ಹೂವು, ಚೆಂಡು, ಬಳೆ ಯಾವುದನ್ನಾದರೂ ತರಬಹುದು. ‘ಚೆಂಡು ಐದು’, ‘ಬಳೆಯು ಐದು’ ಎಂದರೆ ತಾಳ ಸರಿಯಾಗುತ್ತದೆ, ‘ಬಳೆಗಳು’ ಎಂದು ಬಹುವಚನ ಮಾಡುವ ಅಗತ್ಯವೂ ಕನ್ನಡದಲ್ಲಿಲ್ಲ. ತರಬಾರದ್ದು ಮನುಷ್ಯರನ್ನು. ‘ಅಕ್ಕ ಎರಡು, ಮಾವ ಮೂರು’ ಎನ್ನಲು ಭಾಷೆ ಒಪ್ಪುವುದಿಲ್ಲ. ಜನರಿಗೆ ಬೇರೆಯೇ ಎಣಿಕೆ ಇದೆ. ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು ಎಲ್ಲವೂ ನಾಲ್ಕು ಮಾತ್ರೆಯವು, ಎಲ್ಲವೂ ‘ರು’ ಎಂದೇ ಮುಗಿಯುತ್ತವೆ. ಆಮೇಲೆ ಆರು ಜನ, ಏಳು ಜನ ಎಂದು ಹಳೆಯ ದಾರಿಗೇ ಬರಬೇಕು. ಅದಕ್ಕೆ ನಾಲ್ಕು ಮಾತ್ರೆಯ ಬೇರೆ ಪ್ರಾಸ ಬೇಕು, ಅದೂ ಮಗು ಇದನ್ನು ಕಲಿತ ಮೇಲೆ.

ಹತ್ತು ದಾಟಿದರೂ ಈ ತಾಳ ಸಾಗದು. ಹನ್ನೊಂದು, ಹನ್ನೆರಡು, ಹದಿಮೂರು ಎಂದು ಹದಿನೆಂಟರವರೆಗೆ ಪ್ರತಿಯೊಂದೂ ಐದು ಮಾತ್ರೆ, ಇಪ್ಪತ್ತೂ ಐದೇ. ಅಲ್ಲಿಯೂ ಸಾಲು ತಪ್ಪಿ ನಿಲ್ಲುವುದು ಏಳು ಮಾತ್ರೆಯ ಹತ್ತೊಂಬತ್ತು. ಹಳಗನ್ನಡದಲ್ಲಿ ಹತ್ತು ‘ಪತ್ತು’ ಆಗಿತ್ತು. ‘ಒಂಬತ್ತು’ ಎಂಬುದರ ಬಾಲದಲ್ಲಿ ಕುಳಿತಿರುವುದು ಆ ಪತ್ತೇ. ಹತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದ ಎರಡು ಪದಗಳು ಕೂಡಿ ಅದು ಆಗಿದೆ. ಎರಡು ಪದಗಳ ಭಾರ ಹೊತ್ತಿರುವುದರಿಂದಲೇ ಅದು ಉಳಿದವುಗಳಿಗಿಂತ ಉದ್ದ.