ಕಾಶಿಯ ಗಲ್ಲಿಯೊಳಗಿನ ಹೋಟೆಲ್‌ಗೆ ದಾರಿ ಕೇಳುವುದು ಹೇಗೆ?

ಕಾಶಿಗೆ ಹೊರಟವರಲ್ಲಿ ಬಹಳ ಮಂದಿಗೆ ಗಂಗೆಯ ದಂಡೆಯಲ್ಲೇ ರೂಮು ಬೇಕು. ಆದರೆ ಘಾಟ್‌ಗಳ ಪಕ್ಕದ ಎಷ್ಟೋ ಹೋಟೆಲ್‌ಗಳ ಬಾಗಿಲ ತನಕ ಕಾರಾಗಲಿ ಆಟೋ ಆಗಲಿ ಹೋಗುವುದಿಲ್ಲ. ದಶಾಶ್ವಮೇಧ ಘಾಟ್ ಕಡೆಗೆ ಹೋಗುವವರನ್ನು ಆಟೋದವರು ಸಾಮಾನ್ಯವಾಗಿ ಗೋದೌಲಿಯಾ ಚೌಕದ ಆಸುಪಾಸಿನಲ್ಲಿ ಇಳಿಸಿಬಿಡುತ್ತಾರೆ. ಅಲ್ಲಿಂದ ಮುಂದೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಸರಿಯಬೇಕಾದಂಥ ಗಲ್ಲಿಗಳು. ನಿಜವಾಗಿ ದಾರಿ ತಪ್ಪುವುದು ಇಲ್ಲೇ. ಹಾಗಾಗಿ ಹೊರಡುವ ನಾಲ್ಕೈದು ದಿನ ಮೊದಲೇ ಹೋಟೆಲ್‌ಗೆ ಒಂದು ಇಮೇಲ್ ಬರೆದು, ಈ ಕೊನೆಯ ತುಣುಕನ್ನು ಬಿಡಿಸಿ ಕೇಳಿಕೊಳ್ಳಬೇಕು.

ಮೊದಲು ಹೇಳಬೇಕಾದ್ದು ನೀವು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತೀರಿ ಎಂಬುದು. ಊರಿನವರು ಕ್ಯಾಂಟ್ ಎನ್ನುವ ವಾರಾಣಸಿ ಜಂಕ್ಷನ್‌ಗೆ ಟಿಕೆಟ್‌ನಲ್ಲಿ BSB ಎಂದಿರುತ್ತದೆ. BSBS ಎಂದಿದ್ದರೆ ಅದು ಬನಾರಸ್ ಸ್ಟೇಷನ್, 2021ರವರೆಗೆ ಮಂಡುವಾಡೀಹ್ ಎಂದಿದ್ದದ್ದು. ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು ಇಳಿಯುವುದು DDUನಲ್ಲಿ, ಅಂದರೆ ಹಳೆಯ ಮೊಘಲ್‌ಸರಾಯ್‌ನಲ್ಲಿ. ಅದು ಗಂಗೆಯ ಆಚೆ ದಡದ್ದು, ಊರಿಗೆ ಸುಮಾರು 15 ಕಿ.ಮೀ. ದೂರ. ಬರೀ ‘ಸ್ಟೇಷನ್ನಿನಿಂದ ಹೇಗೆ ಬರಬೇಕು’ ಎಂದು ಕೇಳಿದರೆ ಹೋಟೆಲ್‌ನವರು ಕ್ಯಾಂಟ್‌ನ ದಾರಿ ಹೇಳಿ ಮುಗಿಸುತ್ತಾರೆ.

ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಬೇಕಾದ ಆ ಪತ್ರದ ತಿರುಳು ಇಷ್ಟು:

“ನಮಸ್ಕಾರ. ನವೆಂಬರ್ 12ರಿಂದ ಎರಡು ರಾತ್ರಿಗೆ ನನ್ನ ಹೆಸರಿನಲ್ಲಿ ರೂಮು ಬುಕ್ ಆಗಿದೆ. ನಾವು ಮೂವರು, ತಾಯಿಗೆ ಮಂಡಿನೋವು, ಜೊತೆಗೆ ಎರಡು ದೊಡ್ಡ ಸೂಟ್‌ಕೇಸ್ ಇವೆ. ಅಂದು ರಾತ್ರಿ 8ಕ್ಕೆ ವಾರಾಣಸಿ ಜಂಕ್ಷನ್, BSB, ತಲುಪುತ್ತೇವೆ. ಆಟೋದವರಿಗೆ ಯಾವ ಜಾಗದ ಹೆಸರು ಹೇಳಬೇಕು? ಆ ಹೊತ್ತಿನಲ್ಲಿ ಆಟೋ ಎಲ್ಲಿಯವರೆಗೆ ಬರುತ್ತದೆ? ಇಳಿದ ಜಾಗದಿಂದ ನಿಮ್ಮ ಬಾಗಿಲಿನವರೆಗೆ ಒಂದೊಂದು ತಿರುವನ್ನೂ, ಅಲ್ಲಿ ಕಾಣುವ ಗುರುತನ್ನೂ ದಯವಿಟ್ಟು ಬರೆಯಿರಿ. ದಾರಿಯಲ್ಲಿ ಎಷ್ಟು ಮೆಟ್ಟಿಲುಗಳಿವೆ? ಕೊನೆಯ ತಿರುವಿನ ಮತ್ತು ಬಾಗಿಲಿನ ಫೋಟೋ ಕಳಿಸಿ. ರಾತ್ರಿ ಫೋನ್ ತೆಗೆಯುವವರ ನಂಬರ್ ಕೊಡಿ. ಯಾರಾದರೂ ಎದುರುಗೊಳ್ಳಲು ಬರಬಹುದೇ, ಅದಕ್ಕೆ ಎಷ್ಟು ಕೊಡಬೇಕು?”

ಮಂಡಿನೋವು, ಸೂಟ್‌ಕೇಸ್ ಎಂದು ಬರೆಯುವುದು ಕನಿಕರಕ್ಕಲ್ಲ. ಅದನ್ನು ಓದಿದ ಮೇಲೆ ಹೋಟೆಲ್‌ನವರು ಹತ್ತಿರದ ದಾರಿಗಿಂತ ಮೆಟ್ಟಿಲು ಕಡಿಮೆ ಇರುವ ದಾರಿಯನ್ನು ಯೋಚಿಸಿ ಹೇಳುತ್ತಾರೆ.

ಸಾಮಾನ್ಯವಾಗಿ ಬರುವ ಮೊದಲ ಉತ್ತರ, ‘ಗೋದೌಲಿಯಾಕ್ಕೆ ಬಂದು ಫೋನ್ ಮಾಡಿ, ಐದು ನಿಮಿಷದ ದಾರಿ’ ಎಂದು. ಜೊತೆಗೊಂದು ಮ್ಯಾಪ್ ಲಿಂಕ್. ಇದನ್ನು ನಂಬಿ ಕೂರಬೇಡಿ. ಎತ್ತರದ ಹಳೆಯ ಮನೆಗಳ ನಡುವೆ ಆಕಾಶ ಸಣ್ಣ ಪಟ್ಟಿಯಷ್ಟೇ ಕಾಣುವುದರಿಂದ ಜಿಪಿಎಸ್ ಸಂಕೇತ ಗೋಡೆಗೆ ಬಡಿದು ಬರುತ್ತದೆ. ಫೋನಿನ ನೀಲಿ ಚುಕ್ಕೆ ಪಕ್ಕದ ಗಲ್ಲಿಗೆ ಹಾರಿಬಿಡುತ್ತದೆ. ಬೀದಿಯಲ್ಲಾದರೆ ಹತ್ತಿಪ್ಪತ್ತು ಮೀಟರ್ ತಪ್ಪಿದರೂ ಹೋಟೆಲ್ ಕಣ್ಣಿಗೆ ಬೀಳುತ್ತದೆ, ಗಲ್ಲಿಯಲ್ಲಿ ಹಾಗಲ್ಲ.

ಆಗ ಮತ್ತೊಮ್ಮೆ ಬರೆಯಿರಿ, ಗುರುತುಗಳನ್ನೇ ಕೇಳಿ. ಗುರುತಿನಲ್ಲೂ ಒಳ್ಳೆಯದು ಕೆಟ್ಟದ್ದು ಇದೆ. ‘ಶಿವನ ಗುಡಿಯ ಹತ್ತಿರ’ ಎಂಬುದು ಕಾಶಿಯಲ್ಲಿ ಗುರುತೇ ಅಲ್ಲ, ಹೆಜ್ಜೆಗೊಂದು ಶಿವನ ಗುಡಿ ಇರುವ ಊರದು. ‘ಲಸ್ಸಿ ಅಂಗಡಿಯ ಎದುರು’ ಎಂಬುದು ಹಗಲಿಗೆ ಸರಿ, ರಾತ್ರಿ ಶಟರ್ ಎಳೆದ ಮೇಲೆ ಎಲ್ಲ ಅಂಗಡಿಯೂ ಒಂದೇ. ಅಲುಗದ, ರಾತ್ರಿಯೂ ಕಾಣುವ ವಸ್ತು ಬೇಕು: ಗೋದೌಲಿಯಾ ಚೌಕದ ನಂದಿ ಪ್ರತಿಮೆ, ಪೊಲೀಸ್ ಚೌಕಿ, ಕಮಾನು, ಹೋಟೆಲ್‌ನವರೇ ಗೋಡೆಯ ಮೇಲೆ ಬರೆಸಿದ ಹೆಸರು ಮತ್ತು ಬಾಣ. ‘ನಂದಿಯಿಂದ ಘಾಟ್ ಕಡೆಗೆ ನಡೆಯಿರಿ, ಎಡಗಡೆ ಇಂಥ ಬ್ಯಾಂಕಿನ ಬೋರ್ಡ್ ದಾಟಿದ ಮೇಲೆ ಬರುವ ಮೊದಲ ಗಲ್ಲಿಗೆ ತಿರುಗಿ, ಹಸಿರು ಬಾಗಿಲು ಕಂಡರೆ ಮುಂದೆ ಬಂದಿದ್ದೀರಿ, ಹಿಂದಿರುಗಿ’ ಎಂಬಂಥ ಉತ್ತರ ಬಂದರೆ ಪತ್ರ ಸಾರ್ಥಕ. ತಪ್ಪಿದ್ದು ಗೊತ್ತಾಗುವ ಗುರುತನ್ನೂ ಕೇಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮಳೆಗಾಲಕ್ಕೆ ಇನ್ನೊಂದು ಪ್ರಶ್ನೆ ಸೇರಬೇಕು. ಗಂಗೆ ಏರಿದಾಗ ಮೆಟ್ಟಿಲುಗಳು ಮುಳುಗಿ, ಒಂದು ಘಾಟ್‌ನಿಂದ ಇನ್ನೊಂದಕ್ಕೆ ದಂಡೆಯಲ್ಲೇ ನಡೆದುಹೋಗುವ ದಾರಿ ಕಡಿದುಹೋಗುತ್ತದೆ. ‘ಘಾಟ್‌ಗೆ ಬಂದು ಎಡಕ್ಕೆ ನಡೆಯಿರಿ’ ಎಂಬ ಉತ್ತರ ಆಗ ಕೆಲಸಕ್ಕೆ ಬಾರದು. ಜುಲೈನಿಂದ ಸೆಪ್ಟೆಂಬರ್ ನಡುವೆ ಹೋಗುವವರು ಗಲ್ಲಿಯ ಕಡೆಯ ದಾರಿಯನ್ನೂ ಬರೆಸಿಕೊಳ್ಳಿ.

ಚೌಕದಲ್ಲಿ ಇಳಿದ ಕೂಡಲೇ ‘ಆ ಹೋಟೆಲ್ ಮುಚ್ಚಿದೆ, ಬೇರೆ ತೋರಿಸುತ್ತೇನೆ’ ಎನ್ನುವವರು ಸಿಗಬಹುದು. ಹೆಸರು ಹೋಲುವ ಹೋಟೆಲ್‌ಗಳೂ ಇರುತ್ತವೆ. ಬಾಗಿಲಿನ ಫೋಟೋ ಕೈಯಲ್ಲಿದ್ದರೆ ಈ ಎರಡಕ್ಕೂ ಉತ್ತರ ಸಿಕ್ಕಂತೆ. ಬಂದ ಉತ್ತರವನ್ನು ಹಿಂದಿಯಲ್ಲಿ ಒಂದು ಚೀಟಿಗೆ ಬರೆದು ಜೇಬಿನಲ್ಲಿಡಿ. ಫೋನು ಸತ್ತರೂ ಅದನ್ನು ಅಂಗಡಿಯವರಿಗೆ ತೋರಿಸಿ ಕೇಳಬಹುದು.