ಮುನ್ನೂರು ಸಲ ನೋಡಿದೆವು, ಆದರೂ…

ಬಿಡುಗಡೆಗೆ ನಾಲ್ಕೇ ದಿನ ಉಳಿದಿತ್ತು. ಪತ್ತಿನ ಸಹಕಾರ ಸಂಘವೊಂದಕ್ಕೆ ನಾವು ಮಾಡಿಕೊಟ್ಟಿದ್ದ ಮೊಬೈಲ್ ಆ್ಯಪಿನಲ್ಲಿ ಅಲ್ಲಿಯವರೆಗೆ ಖಾತೆಯ ಬಾಕಿ ಮಾತ್ರ ಕಾಣುತ್ತಿತ್ತು. ಹೊಸ ಆವೃತ್ತಿಯಲ್ಲಿ ಸದಸ್ಯರು ತಮ್ಮ ಉಳಿತಾಯ ಖಾತೆಯಿಂದಲೇ ಸಾಲದ ಕಂತು ಕಟ್ಟಬಹುದಿತ್ತು. 28ನೇ ತಾರೀಖಿಗೆ ಆ್ಯಪ್ ಬರುತ್ತದೆಂದು ಸಂಘದವರು ಕರಪತ್ರವನ್ನೂ ಹಂಚಿದ್ದರು. 24ರ ಸಂಜೆ ನಮ್ಮ ತಂಡದ ಹುಡುಗಿಯೊಬ್ಬಳು ಎರಡು ರಸೀದಿಗಳನ್ನು ನನ್ನ ಮುಂದೆ ಹಿಡಿದಳು. ಒಂದೇ ಸಾಲ, ಒಂದೇ ಮೊತ್ತ, ನಡುವೆ ಮೂವತ್ತೊಂದು ಸೆಕೆಂಡ್ ಅಂತರ. ಅವಳು ಗುಂಡಿ ಒತ್ತಿದ್ದು ಒಂದೇ ಸಲ.

ನಾನು ಕ್ಯೂಎ ಲೀಡ್. ಡೆವಲಪರ್‌ಗಳು ಬರೆದ ಸಾಫ್ಟ್‌ವೇರ್ ಗ್ರಾಹಕರ ಕೈಸೇರುವ ಮೊದಲು ಅದನ್ನು ಪರೀಕ್ಷಿಸುವ ತಂಡದ ಹೊಣೆ ನನ್ನದು. ಬಿಡುಗಡೆ ತಡವಾದರೆ ಗ್ರಾಹಕರಿಗೆ ಇಮೇಲ್ ಬರೆಯುವ ಕೆಲಸವೂ ನನ್ನ ಪಾಲಿಗೇ ಬರುತ್ತದೆ. ಆ ರಾತ್ರಿ ಬರೆಯಲು ಕೂತಾಗ ಬೆರಳಿಗೆ ಮೊದಲು ಬಂದ ಸಾಲು ‘ಕೆಲವು ತಾಂತ್ರಿಕ ಕಾರಣಗಳಿಂದಾಗಿ’ ಎಂಬುದು. ಅದನ್ನು ಅಳಿಸಿದೆ. ಆ ಸಾಲನ್ನು ಓದಿ ಸಂಘದ ಕಾರ್ಯದರ್ಶಿ ತಮ್ಮ ಆಡಳಿತ ಮಂಡಳಿಗೆ ಏನೆಂದು ಹೇಳಬೇಕು? ಸದಸ್ಯರಿಗೆ ಏನೆಂದು ಉತ್ತರ ಕೊಡಬೇಕು?

ತಪ್ಪು ಇದ್ದದ್ದು ಇಲ್ಲಿ. ಸದಸ್ಯರು ‘ಪಾವತಿಸಿ’ ಎಂದು ಒತ್ತಿದಾಗ ಆ್ಯಪ್ ಸರ್ವರಿಗೆ ಕೋರಿಕೆ ಕಳಿಸಿ 30 ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ತಾನಾಗಿಯೇ ಇನ್ನೊಮ್ಮೆ ಕಳಿಸುತ್ತದೆ. ಮೊದಲ ಕೋರಿಕೆಯೇ ತಲುಪದಿದ್ದರೆ ಇದರಿಂದ ಒಳ್ಳೆಯದೇ ಆಗುತ್ತದೆ. ಆದರೆ ಕೋರಿಕೆ ತಲುಪಿ, ಹಣ ಕಡಿತವಾಗಿ, ‘ಆಯಿತು’ ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ? ಎರಡನೇ ಕೋರಿಕೆಗೂ ಹಣ ಕಡಿತವಾಗುತ್ತದೆ. ಇದಕ್ಕೆಂದೇ ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹಳೆಯ ರಸೀದಿಯನ್ನೇ ತೋರಿಸಿ ಸುಮ್ಮನಾಗಬೇಕು. ನಮ್ಮ ಆ್ಯಪ್ ಮರುಕಳಿಸುವಾಗಲೆಲ್ಲ ಹೊಸ ಸಂಖ್ಯೆ ಹಾಕುತ್ತಿತ್ತು. ಸರ್ವರಿಗೆ ಅದು ಬೇರೆಯೇ ಪಾವತಿಯಂತೆ ಕಾಣುತ್ತಿತ್ತು.

ಕಚೇರಿಯ ವೈಫೈನಲ್ಲಿ ಉತ್ತರ ಕ್ಷಣದಲ್ಲಿ ಬರುವುದರಿಂದ ಈ ದೋಷ ಅಷ್ಟು ದಿನ ಕಂಡಿರಲಿಲ್ಲ. ಆ ಹುಡುಗಿ ಬೇಕೆಂದೇ ನೆಟ್‌ವರ್ಕ್ ನಿಧಾನ ಮಾಡಿ ನೋಡಿದ್ದಕ್ಕೆ ಸಿಕ್ಕಿಬಿತ್ತು. ಹಾಗೆ 40 ಸಲ ಕಟ್ಟಿದಾಗ 7 ಸಲ ಹಣ ಎರಡು ಬಾರಿ ಹೋಯಿತು. ಮೊದಲ ಇಮೇಲಿನಲ್ಲಿ ಇದನ್ನೆಲ್ಲ ಬರೆದೆ. ವಿಷಯದ ಸಾಲಿನಲ್ಲೇ ‘28ಕ್ಕೆ ಬಿಡುಗಡೆ ಇಲ್ಲ, ಹೊಸ ದಿನಾಂಕ 12’ ಎಂದು ಹಾಕಿದೆ.

ಮರುದಿನ ಬೆಳಿಗ್ಗೆಯೇ ಕಾರ್ಯದರ್ಶಿಯವರ ಫೋನ್ ಬಂತು. “ಮೇಡಂ, ಸರಿಪಡಿಸೋಕೆ ಎರಡೇ ದಿನ ಸಾಕು ಅಂತ ನೀವೇ ಬರೆದಿದ್ದೀರಿ. ಹನ್ನೆರಡರ ತನಕ ಯಾಕೆ ಕಾಯಬೇಕು?”

“ಸರ್, ಸರಿಪಡಿಸೋಕೆ ಎರಡು ದಿನ, ಸರಿಯಾಗಿದೆಯಾ ಅಂತ ನೋಡೋಕೆ ಇನ್ನೊಂದು ವಾರ ಬೇಕು. ಅಷ್ಟರಲ್ಲಿ ನಿಮ್ಮ ಕಂತಿನ ದಿನಗಳು ಬಂದುಬಿಡುತ್ತವೆ. ಒಂದರಿಂದ ಐದರವರೆಗೆ ಎಲ್ಲರೂ ಒಟ್ಟಿಗೆ ಕಟ್ಟುವಾಗ ಹೊಸದನ್ನು ಬಿಡೋದು ಬೇಡ.”

ಅವರು ಒಪ್ಪಿದರು. ಆಮೇಲೆ ಕೇಳಿದರು: “ಹನ್ನೆರಡಕ್ಕೆ ಬಿಟ್ಟ ಮೇಲೆ ಈ ತೊಂದರೆ ಇರಲ್ಲ ತಾನೆ?”

ಉತ್ತರವನ್ನು ಬರೆದು ಕಳಿಸುತ್ತೇನೆಂದೆ. ತಡ ಏಕಾಯಿತೆಂದು ಹೇಳುವುದಕ್ಕಿಂತ, ಕೆಲಸ ಮುಗಿದ ಮೇಲೂ ಏನು ಉಳಿದಿದೆ ಎಂದು ಹೇಳುವುದೇ ಇಂಥ ಪತ್ರಗಳಲ್ಲಿ ಕಷ್ಟ.

ಸಂಖ್ಯೆಯ ದೋಷ ಸರಿಪಡಿಸಿದ ಮೇಲೆ ಅದೇ ನಿಧಾನ ನೆಟ್‌ವರ್ಕಿನಲ್ಲಿ 300 ಸಲ ಕಟ್ಟಿ ನೋಡಿದೆವು. ಒಮ್ಮೆಯೂ ಹಣ ಎರಡು ಸಲ ಹೋಗಲಿಲ್ಲ. ‘ದೋಷ ಪೂರ್ತಿ ಹೋಗಿದೆ’ ಎಂದು ಬರೆಯಲು ಯಾರಿಗಾದರೂ ಮನಸ್ಸಾಗುತ್ತದೆ. ಆದರೆ ದೋಷ ಇನ್ನೂ ಉಳಿದಿದ್ದು, ನೂರಕ್ಕೆ ಒಂದು ಸಲ ಮಾತ್ರ ಬರುವಂಥದ್ದು ಎಂದುಕೊಳ್ಳಿ. ಆಗಲೂ 300 ಪ್ರಯತ್ನಗಳಲ್ಲಿ ಅದು ಒಮ್ಮೆಯೂ ಮುಖ ತೋರಿಸದೆ ಇರುವ ಸಾಧ್ಯತೆ ನೂರಕ್ಕೆ ಸುಮಾರು ಐದರಷ್ಟಿದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸುಲಭ ಲೆಕ್ಕವಿದೆ: ಎಷ್ಟು ಸಲ ನೋಡಿಯೂ ತಪ್ಪು ಕಾಣಲಿಲ್ಲವೋ ಆ ಸಂಖ್ಯೆಯಿಂದ ಮೂರನ್ನು ಭಾಗಿಸಬೇಕು. ಮೂರನ್ನು ಮುನ್ನೂರರಿಂದ ಭಾಗಿಸಿದರೆ ನೂರಕ್ಕೆ ಒಂದು. ತಪ್ಪಿನ ಪ್ರಮಾಣ ಅದಕ್ಕಿಂತ ಕಡಿಮೆ ಎಂದು ನೂರಕ್ಕೆ ತೊಂಬತ್ತೈದರಷ್ಟು ಭರವಸೆಯಿಂದ ಹೇಳಬಹುದು. ಸೊನ್ನೆ ಎಂದು ಹೇಳಲು ಬರುವುದಿಲ್ಲ.

ಕಾರ್ಯದರ್ಶಿಯವರಿಗೆ ಶೇಕಡಾ ಲೆಕ್ಕಕ್ಕಿಂತ ಸದಸ್ಯರ ಲೆಕ್ಕ ಬೇಕಾಗಿತ್ತು. ಸಂಘದಲ್ಲಿ ತಿಂಗಳಿಗೆ ಸುಮಾರು 12,000 ಕಂತುಗಳು. ಹಳೆಯ ಆವೃತ್ತಿಯ ದಾಖಲೆಯ ಪ್ರಕಾರ ನೂರಕ್ಕೆ ಎರಡು ಕೋರಿಕೆಗಳಿಗೆ 30 ಸೆಕೆಂಡಿನೊಳಗೆ ಉತ್ತರ ಸಿಗುತ್ತಿರಲಿಲ್ಲ. ಎಲ್ಲರೂ ಆ್ಯಪಿನಲ್ಲೇ ಕಟ್ಟಿದರೂ 240 ಪಾವತಿಗಳು ಈ ಇಕ್ಕಟ್ಟಿಗೆ ಸಿಗುತ್ತವೆ. ಅದರಲ್ಲಿ ನೂರಕ್ಕೆ ಒಂದು ಎಂದರೆ ಎರಡೋ ಮೂರೋ. ಎರಡನೇ ಇಮೇಲಿನಲ್ಲಿ ಹೀಗೆ ಬರೆದೆ:

“ದೋಷದ ಕಾರಣ ಸಿಕ್ಕಿದೆ, ಸರಿಪಡಿಸಿದ್ದೇವೆ. ಆದರೂ ನಮ್ಮ ಪರೀಕ್ಷೆಯ ಲೆಕ್ಕದಲ್ಲಿ, ತೀರಾ ಕೆಟ್ಟದ್ದಾದರೆ, ತಿಂಗಳಿಗೆ ಇಬ್ಬರು ಮೂವರು ಸದಸ್ಯರಿಗೆ ಹಣ ಎರಡು ಸಲ ಕಡಿತವಾಗಬಹುದು. ಒಂದೇ ಸಾಲಕ್ಕೆ ಒಂದೇ ದಿನ ಒಂದೇ ಮೊತ್ತ ಎರಡು ಸಲ ಜಮೆಯಾಗಿದ್ದರೆ ಅದರ ಪಟ್ಟಿ ಪ್ರತಿದಿನ ಸಂಜೆ ಆರಕ್ಕೆ ನಿಮ್ಮ ಅಕೌಂಟೆಂಟರಿಗೆ ಬರುತ್ತದೆ. ಅವರು ಮರುದಿನ ಹನ್ನೆರಡರೊಳಗೆ ಹಣ ಹಿಂತಿರುಗಿಸುವಂತೆ ದಯವಿಟ್ಟು ಏರ್ಪಾಡು ಮಾಡಿ.”

ಅದರ ಕೆಳಗೆ, ಪರೀಕ್ಷಿಸದೆ ಬಿಟ್ಟದ್ದನ್ನು ಪ್ರತ್ಯೇಕವಾಗಿ ಬರೆದೆ. ಐದು ವರ್ಷಕ್ಕಿಂತ ಹಳೆಯ ಫೋನ್‌ಗಳು ನಮ್ಮಲ್ಲಿ ಇರಲಿಲ್ಲ. ಅವುಗಳ ಬಗ್ಗೆ ಆ 300ರ ಲೆಕ್ಕ ಏನನ್ನೂ ಹೇಳುವುದಿಲ್ಲ. ನೋಡಿ ಸರಿಯಿದೆ ಎಂದದ್ದನ್ನೂ ನೋಡದೇ ಇದ್ದದ್ದನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬಾರದು.

ಹಾಗೆ ನೋಡದೆ ಬಿಟ್ಟದ್ದಕ್ಕೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಸಾಕ್ಷಿ. 2018ರ ಏಪ್ರಿಲ್‌ನಲ್ಲಿ ಅದು ಸುಮಾರು 52 ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಲಕ್ಷಗಟ್ಟಲೆ ಜನರಿಗೆ ತಮ್ಮ ಖಾತೆಯನ್ನೇ ತೆರೆಯಲಾಗಲಿಲ್ಲ. ವ್ಯವಸ್ಥೆ ಪೂರ್ತಿ ಹಳಿಗೆ ಬರಲು ಡಿಸೆಂಬರ್ ಆಯಿತು. ಎರಡು ಡೇಟಾ ಸೆಂಟರ್‌ಗಳಿದ್ದರೂ ಪರೀಕ್ಷೆ ಮಾಡಿದ್ದು ಒಂದರಲ್ಲಿ ಮಾತ್ರ ಎಂದು ಮರುವರ್ಷದ ಸ್ವತಂತ್ರ ತನಿಖಾ ವರದಿ ಹೇಳಿತು. 2022ರಲ್ಲಿ ನಿಯಂತ್ರಣ ಸಂಸ್ಥೆಗಳು ಬ್ಯಾಂಕಿಗೆ ವಿಧಿಸಿದ ದಂಡ 4.86 ಕೋಟಿ ಪೌಂಡ್‌ಗೂ ಹೆಚ್ಚು.

ನಮ್ಮ ಆ್ಯಪ್ 12ಕ್ಕೆ ಹೊರಬಂತು. ಮುಂದಿನ ತಿಂಗಳ ಮೊದಲ ಮೂರು ದಿನ ಸಂಜೆಯ ಪಟ್ಟಿ ಖಾಲಿಯಿತ್ತು. ನಾಲ್ಕನೇ ದಿನ ಒಂದು ಹೆಸರು ಬಂತು, ನನ್ನ ಎದೆ ಧಸಕ್ಕೆಂದಿತು. ದಾಖಲೆ ತೆಗೆದು ನೋಡಿದರೆ ಆ್ಯಪಿನ ತಪ್ಪಿರಲಿಲ್ಲ. ತಾಯಿ ಬೆಳಿಗ್ಗೆ ಸಂಘದ ಕೌಂಟರಿನಲ್ಲಿ ನಗದು ಕಟ್ಟಿ ಬಂದಿದ್ದರು. ಅದು ಗೊತ್ತಿಲ್ಲದೆ ಮಗ ಮಧ್ಯಾಹ್ನ ಅವರ ಫೋನಿನಿಂದ ಅದೇ ಕಂತು ಕಟ್ಟಿದ್ದ. ಗುರುತಿನ ಸಂಖ್ಯೆ ಕಾಯುವುದು ಆ್ಯಪಿನ ಪಾವತಿಗಳನ್ನು ಮಾತ್ರ. ಕೌಂಟರಿನ ನಗದು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಈ ಅಪಾಯ ನಮ್ಮ ಇಮೇಲಿನಲ್ಲಿ ಇರಲಿಲ್ಲ, ನನಗೆ ಹೊಳೆದೂ ಇರಲಿಲ್ಲ.

ಆದರೂ ಆ ತಾಯಿಯ ಹಣ ಮರುದಿನ ಹನ್ನೊಂದಕ್ಕೆಲ್ಲ ಖಾತೆಗೆ ವಾಪಸಾಗಿತ್ತು. ನಾವು ಊಹಿಸಿದ ತಪ್ಪಿಗೆಂದು ಇಟ್ಟ ಪಟ್ಟಿ, ಊಹಿಸದ ತಪ್ಪನ್ನೂ ಹಿಡಿದಿತ್ತು. ಮುಂದಿನ ಆವೃತ್ತಿಯ ಇಮೇಲಿನಲ್ಲಿ ‘ಉಳಿದಿರುವ ಅಪಾಯಗಳು’ ಎಂಬಲ್ಲಿ ಕೌಂಟರಿನ ನಗದನ್ನೇ ಮೊದಲನೆಯದಾಗಿ ಬರೆದೆ.